ಗಾಳಿ ಸುಟ್ಟಿತೋ, ಕಿಡಿ ಸುಟ್ಟಿತೋ?

“ಬೆಂಕಿ ಹೆಂಗ ಹತ್ತಿತು ಯಜಮಾನ್ರ?”

“ಶಾರ್ಟ್ ಸರ್ಕ್ಯೂಟ್ ರೀ ಸರ.”

“ಶಾರ್ಟ್ ಯಾಕ ಆತು?”

“ಮಳಿ ನೀರು ಬೋರ್ಡಿನ್ಯಾಗ ಹೊಕ್ಕಿತ್ರೀ.”

“ನೀರು ಹೆಂಗ ಹೊಕ್ಕಿತು?”

“ಗಾಳಿಗೆ ತಗಡು ಹಾರಿತಲ್ರೀ!”

ಸುಟ್ಟ ಗೋದಾಮಿನ ಬಾಗಿಲಲ್ಲಿ ನಿಂತು ವಿಮೆಯ ಸರ್ವೇಯರ್ ಹೀಗೆ ಒಂದರ ಬೆನ್ನಿಗೆ ಒಂದು ಪ್ರಶ್ನೆ ಕೇಳುತ್ತ ಹೋದರೆ, ಮಾಲು ಕಳೆದುಕೊಂಡವರಿಗೆ ಸಿಟ್ಟು ಬರುವುದು ಸಹಜ. ಮನೆ ಸುಟ್ಟವನ ಮುಂದೆ ಇದೆಂಥ ಪಂಚಾಯಿತಿ ಎನಿಸುತ್ತದೆ. ಆದರೆ ಆ ಮೂರು ಉತ್ತರಗಳಲ್ಲಿ ಮೂರು ಬೇರೆ ಬೇರೆ ಕಾರಣಗಳಿವೆ: ಕಿಡಿ, ನೀರು, ಗಾಳಿ. ಯಾವುದನ್ನು ನಿಜವಾದ ಕಾರಣ ಎಂದು ಹಿಡಿಯುತ್ತಾರೆ ಎಂಬುದರ ಮೇಲೆ ಯಾವ ವಸ್ತುವಿಗೆ ಹಣ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬುದು ನಿಲ್ಲುತ್ತದೆ. ವಿಮೆಯವರ ಭಾಷೆಯಲ್ಲಿ ಇದಕ್ಕೆ ‘ಪ್ರಾಕ್ಸಿಮೇಟ್ ಕಾಸ್’ ಎನ್ನುತ್ತಾರೆ. ಕನ್ನಡದಲ್ಲಿ ‘ಸನ್ನಿಹಿತ ಕಾರಣ’ ಎಂದು ಬರೆಯುವ ರೂಢಿಯಿದೆ. ಈ ‘ಸನ್ನಿಹಿತ’ ಎಂಬ ಪದವೇ ಅರ್ಧ ತೊಂದರೆಗೆ ಮೂಲ. ಅದನ್ನು ಕೇಳಿದವರು ಕಾಲದಲ್ಲಿ ಹತ್ತಿರದ್ದು, ಅಂದರೆ ಕಟ್ಟಕಡೆಗೆ ಸಂಭವಿಸಿದ್ದು ಎಂದು ತಿಳಿಯುತ್ತಾರೆ. ಕಾನೂನು ಹಾಗೆ ತಿಳಿಯುವುದಿಲ್ಲ.

ಮೇಲಿನ ಗೋದಾಮು ನಾನು ಈ ಲೇಖನಕ್ಕೆಂದೇ ಕಟ್ಟಿಕೊಂಡದ್ದು. ಆದರೆ ಅದರ ಒಂದೊಂದು ಭಾಗವೂ ಪ್ರತಿ ಬೇಸಿಗೆಯಲ್ಲಿ ಎಲ್ಲಾದರೂ ನಡೆಯುವಂಥದೇ. ಹಾವೇರಿ ಜಿಲ್ಲೆಯ ಒಂದು ತಾಲೂಕು ಊರು ಎಂದಿಟ್ಟುಕೊಳ್ಳಿ. ಏಪ್ರಿಲ್ ಕೊನೆಯ ವಾರ. ಎಪಿಎಂಸಿ ಹಿಂಭಾಗದಲ್ಲಿ ಗೋಣಿಚೀಲ ಮತ್ತು ತಾಡಪಾಲಿನ ಸಗಟು ವ್ಯಾಪಾರಿಯ ಗೋದಾಮು; ಇಟ್ಟಿಗೆ ಗೋಡೆ, ಮೇಲೆ ತಗಡಿನ ಮಾಡು. ಸಂಜೆ 6:20ಕ್ಕೆ ಅಡ್ಡಮಳೆ ಶುರುವಾಯಿತು, ಜೊತೆಗೆ ಆಲಿಕಲ್ಲು, ಬಿರುಗಾಳಿ. ಪಡುವಣ ಬದಿಯ ತಗಡುಗಳು ಕೊಕ್ಕೆಬೋಲ್ಟು ಸಮೇತ ಕಿತ್ತು ಹಾರಿದವು. ಒಂದು ತಗಡು ಒಳಗೇ ಬಿದ್ದು, ಮೀಟರಿನಿಂದ ಮೇನ್ ಬೋರ್ಡಿಗೆ ಬರುವ ವೈರಿನ ಮೇಲೆ ಎರಗಿತು. ತೆರೆದ ಮಾಡಿನಿಂದ ಮಳೆ ನೇರ ಬೋರ್ಡಿನ ಮೇಲೆ ಸುರಿಯಿತು. 6:40ಕ್ಕೆ ಇಡೀ ಓಣಿಯ ಕರೆಂಟು ಹೋಯಿತು. 7:55ಕ್ಕೆ ಬಂತು. 8:10ಕ್ಕೆ ಎದುರಿನ ಚಹಾದಂಗಡಿಯವರು ಹೊಗೆ ಕಂಡರು. ಅಗ್ನಿಶಾಮಕ ದಳ ಬಂದು ಬೆಂಕಿ ಆರಿಸುವಷ್ಟರಲ್ಲಿ ಹತ್ತೂವರೆ.

ಯಜಮಾನರು ಕೊಟ್ಟ ನಷ್ಟದ ಪಟ್ಟಿಯಲ್ಲಿ ಏಳು ಬಾಬತ್ತು. ಹಾರಿದ ತಗಡು 60,000 ರೂಪಾಯಿ. ಸುಟ್ಟ ಮೇನ್ ಬೋರ್ಡು 45,000. ಬೇಲು ಎತ್ತುವ ಹಾಯ್ಸ್ಟಿನ ಮೋಟಾರು 80,000. ಸುಟ್ಟ ಗೋಣಿಚೀಲ 12 ಲಕ್ಷ. ಬೆಂಕಿ ತಾಗದಿದ್ದರೂ ಅಗ್ನಿಶಾಮಕದ ನೀರಿಗೆ ನೆನೆದು ಹಾಳಾದ ಚೀಲ 3 ಲಕ್ಷ. ಉಳಿದ ಮಾಲನ್ನು ರಾತ್ರಿ ರಸ್ತೆಬದಿಗೆ ಹಾಕಿದಾಗ ಕಳುವಾದದ್ದು ಒಂದೂವರೆ ಲಕ್ಷ. ಹತ್ತು ದಿನ ಬಿಟ್ಟು ಬಂದ ಇನ್ನೊಂದು ಮಳೆಗೆ ಕೆಟ್ಟದ್ದು 2 ಲಕ್ಷ. ಎಲ್ಲ ಸೇರಿ 20,35,000. ಯಜಮಾನರ ಪಾಲಿಗೆ ಇದೆಲ್ಲ ಒಂದೇ ಅನಾಹುತ. ಸರ್ವೇಯರಿಗೆ ಏಳು.

ಲೆಕ್ಕ ಹಾಕುವ ಮೊದಲು ಒಂದು ಹಡಗಿನ ಕಥೆ ಹೇಳಲೇಬೇಕು. ಗೋಣಿಚೀಲಕ್ಕೂ ಹಡಗಿಗೂ ಏನು ಸಂಬಂಧ ಎನ್ನಬೇಡಿ; ವಿಮೆಯ ಕಾನೂನು ಹುಟ್ಟಿ ಬೆಳೆದದ್ದೇ ಕಡಲಿನಲ್ಲಿ. ಮೊದಲ ಮಹಾಯುದ್ಧದ ಕಾಲ, 1915ರ ಜನವರಿ ಕೊನೆ. ‘ಇಕಾರಿಯಾ’ ಎಂಬ ಹಡಗಿಗೆ ಫ್ರಾನ್ಸಿನ ಲ ಹಾವ್ರ ಬಂದರಿಗೆ ಇನ್ನು 25 ಮೈಲಿ ಇರುವಾಗ ಜರ್ಮನ್ ಟಾರ್ಪಿಡೊ ಬಡಿಯಿತು. ಹಡಗು ಮುಳುಗಲಿಲ್ಲ. ಎಳೆದು ತಂದು ಬಂದರಿನ ಕಟ್ಟೆಗೆ ಕಟ್ಟಿದರು. ಅಲ್ಲಿ ಬಿರುಗಾಳಿ ಎದ್ದು ಹಡಗು ಕಟ್ಟೆಗೆ ಬಡಿಯತೊಡಗಿತು. ಇದು ಇಲ್ಲೇ ಮುಳುಗಿ ದಾರಿ ಕಟ್ಟೀತು ಎಂದು ಬಂದರಿನವರು ಹೊರಕ್ಕೆ ಸರಿಸಿದರು. ಹೊಸ ಜಾಗದಲ್ಲಿ ಇಳಿತ ಬಂದಾಗಲೆಲ್ಲ ನೆಲಕ್ಕೆ ಕೂರುತ್ತ, ಭರತಕ್ಕೆ ಏಳುತ್ತ, ಬೆನ್ನು ಮುರಿದು ಫೆಬ್ರವರಿ 2ರಂದು ಮುಳುಗಿತು.

ಪಾಲಿಸಿಯಲ್ಲಿ ಕಡಲ ಅಪಾಯಗಳಿಗೆ ರಕ್ಷಣೆ ಇತ್ತು, ಯುದ್ಧದ ಕೃತ್ಯಗಳಿಗೆ ಇರಲಿಲ್ಲ. ಮಾಲೀಕರು ಗಾಳಿ ಮತ್ತು ಅಲೆ ಎಂದರು, ವಿಮೆಯವರು ಟಾರ್ಪಿಡೊ ಎಂದರು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1918ರಲ್ಲಿ ವಿಮೆಯವರ ಮಾತನ್ನು ಒಪ್ಪಿತು. ಆ ತೀರ್ಪಿನಲ್ಲಿ ಲಾರ್ಡ್ ಶಾ ಒಂದು ಒಳ್ಳೆಯ ಮಾತು ಹೇಳಿದರು. ಕಾರಣಗಳನ್ನು ನಾವು ಸರಪಳಿ ಎಂದು ಕಲ್ಪಿಸಿಕೊಳ್ಳುವುದು ವಾಡಿಕೆ. ಅವು ವಾಸ್ತವದಲ್ಲಿ ಬಲೆಯಂತಿರುತ್ತವೆ, ಒಂದೊಂದು ಗಂಟಿನಲ್ಲೂ ಹಲವು ಎಳೆಗಳು ಕೂಡುತ್ತವೆ ಎಂಬುದು ಅದರ ಸಾರ. ಆ ಗಂಟಿನಲ್ಲಿ ಯಾವ ಎಳೆಗೆ ಬಲ ಹೆಚ್ಚು ಎಂದು ನೋಡಬೇಕೇ ಹೊರತು ಯಾವುದು ಕೊನೆಗೆ ಬಂತು ಎಂದಲ್ಲ. ಹಡಗು ಟಾರ್ಪಿಡೊ ಕೊಟ್ಟ ಪೆಟ್ಟಿನ ಹಿಡಿತದಿಂದ ಒಂದು ಗಳಿಗೆಯೂ ಬಿಡಿಸಿಕೊಂಡಿರಲಿಲ್ಲ. ಗಟ್ಟಿ ಹಡಗಾಗಿದ್ದರೆ ಆ ಗಾಳಿಗೆ ಕಟ್ಟೆಗೆ ನಾಲ್ಕು ಸಲ ಬಡಿದು ಸುಮ್ಮನಾಗುತ್ತಿತ್ತು.

ಹಿಡಿತ ಎಂಬ ಈ ಮಾತನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಜಮೈಕಾದ ಕಿಂಗ್‌ಸ್ಟನ್ ನಗರ 1907ರ ಭೂಕಂಪದಲ್ಲಿ ಕುಸಿದು ಹೊತ್ತಿ ಉರಿದಾಗ ಹುಟ್ಟಿದ ದಾವೆಯೊಂದು ಇದೇ ವಿಷಯವನ್ನು ಇನ್ನೊಂದು ಬದಿಯಿಂದ ಹೇಳಿತು. ಇಂದಿಗೂ ವಿಮೆಯ ಪಠ್ಯಗಳಲ್ಲಿ ಕೊಡುವ ವ್ಯಾಖ್ಯೆ ಅಲ್ಲಿಂದ ಬಂದದ್ದು. ಸರಳವಾಗಿ ಹೇಳಿದರೆ ಹೀಗೆ: ಘಟನೆಗಳ ಸಾಲನ್ನು ಚಾಲೂ ಮಾಡಿದ, ಆ ಸಾಲಿನ ಕೊನೆಯವರೆಗೂ ಬಲ ಉಳಿಸಿಕೊಂಡ ಕಾರಣವೇ ಸನ್ನಿಹಿತ ಕಾರಣ, ಆದರೆ ನಡುವೆ ಸ್ವತಂತ್ರವಾದ ಹೊಸ ಮೂಲದಿಂದ ಬೇರೊಂದು ಶಕ್ತಿ ನುಗ್ಗಿರಬಾರದು. ನಮ್ಮಲ್ಲಿ ಕಡಲ ವಿಮೆಯ ಮಟ್ಟಿಗೆ ಈ ತತ್ವ 1963ರ ಕಾಯ್ದೆಯಲ್ಲೇ ಬರೆದಿದೆ. ಬೆಂಕಿ ವಿಮೆಗೆ ಅದು ನ್ಯಾಯಾಲಯಗಳ ತೀರ್ಪುಗಳ ಮೂಲಕ ಬಂದಿದೆ.

ಗೋದಾಮಿಗೆ ಮರಳೋಣ. ಮೊದಲು ಸುಲಭದ್ದು: ಸುಟ್ಟ 12 ಲಕ್ಷದ ಚೀಲ. ಗಾಳಿ ತಗಡು ಕಿತ್ತಿತು, ತಗಡು ಹೋದ ಕಡೆ ಮಳೆ ಬಂತು, ಮಳೆ ಬೋರ್ಡು ನೆನೆಸಿತು, ನೆನೆದ ಬೋರ್ಡಿನಲ್ಲಿ ಕಿಡಿ ಎದ್ದಿತು, ಕಿಡಿ ಚೀಲಕ್ಕೆ ಹತ್ತಿತು. ನಡುವೆ ಹೊರಗಿನಿಂದ ಯಾರೂ ಬರಲಿಲ್ಲ. ಪಾಲಿಸಿಯಲ್ಲಿ ಬಿರುಗಾಳಿಯೂ ಇದೆ, ಬೆಂಕಿಯೂ ಇದೆ ಎಂದಾದರೆ ಯಾವುದನ್ನು ಕಾರಣ ಎಂದರೂ ಹಣ ಬರಬೇಕು. ಬೆಂಕಿಯಿಂದ ಆದ ನಷ್ಟಕ್ಕೆ ಬೆಂಕಿ ವಿಮೆ ಕೊಡುವುದಕ್ಕೆ ಆ ಬೆಂಕಿ ಹೇಗೆ ಹುಟ್ಟಿತೆಂಬುದು ಸಾಮಾನ್ಯವಾಗಿ ಅಡ್ಡಿಯಲ್ಲ. ವೈರಿಂಗ್ ಹಳೆಯದಾಗಿತ್ತು, ಬೋರ್ಡಿಗೆ ಮುಚ್ಚಳ ಇರಲಿಲ್ಲ ಎಂಬ ಸಣ್ಣಪುಟ್ಟ ಅಜಾಗರೂಕತೆಯೂ ಅಡ್ಡಿಯಲ್ಲ. ಬೇಕೆಂದೇ ಹಚ್ಚಿದ್ದು ಬೇರೆ ಮಾತು.

ಹಾಗಾದರೆ ಬಿರುಗಾಳಿಯ ಗೊಡವೆ ಯಾಕೆ? ಎರಡು ಕಾರಣಕ್ಕೆ. ಒಂದು, ವಿಮೆದಾರ ತಾನೇ ಹೊರಬೇಕಾದ ಮೊದಲ ಪಾಲು, ಅಂದರೆ ಎಕ್ಸೆಸ್. ಹಳೆಯ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯ ಮಾತುಗಳಲ್ಲಿ ಬಿರುಗಾಳಿ, ನೆರೆ, ಸಿಡಿಲಿನಂಥ ದೈವಿಕ ಅಪಾಯಗಳ ಕ್ಲೇಮಿಗೆ ಶೇಕಡ 5, ಕನಿಷ್ಠ 10,000. ಇತರ ಅಪಾಯಗಳಿಗೆ ಬರೀ 10,000. ನಮ್ಮ 12 ಲಕ್ಷವನ್ನು ಬಿರುಗಾಳಿಯ ಖಾತೆಗೆ ಬರೆದರೆ ಯಜಮಾನರ ಕೈಯಿಂದ 60,000 ಹೋಗುತ್ತದೆ, ಬೆಂಕಿಯ ಖಾತೆಗೆ ಬರೆದರೆ 10,000. ಒಂದು ಪದಕ್ಕೆ ಐವತ್ತು ಸಾವಿರ!

ಎರಡನೆಯದು ಇನ್ನೂ ಗಂಭೀರ. ಆ ಹಳೆಯ ಪಾಲಿಸಿಯಲ್ಲಿ ಬಿರುಗಾಳಿ ಮತ್ತು ನೆರೆಯ ಗುಂಪನ್ನು ಬೇಡವೆಂದು ತೆಗೆಸಿ ಪ್ರೀಮಿಯಂ ಉಳಿಸಿಕೊಳ್ಳುವ ಅವಕಾಶವಿತ್ತು. ಬಯಲುಸೀಮೆಯ ವ್ಯಾಪಾರಿಗಳು ‘ನಮ್ಮೂರಾಗ ಎಲ್ಲಿ ನೆರಿ ಬರತದರಿ’ ಎಂದು ಇದನ್ನು ತೆಗೆಸಿದ್ದುಂಟು. ನೆರೆಯ ಜೊತೆಗೇ ಬಿರುಗಾಳಿಯೂ ಹೋಯಿತು ಎಂಬುದು ಆಮೇಲೆ ಗೊತ್ತಾಗುತ್ತದೆ. ಹಾಗೆ ತೆಗೆಸಿದ್ದರೆ ನಮ್ಮ ಗೋದಾಮಿನ ಕಥೆ ಏನಾಗುತ್ತದೆ? ಇಲ್ಲಿ ವಿಮೆಯ ಮಂದಿ ಒಂದು ಸೂಕ್ಷ್ಮ ಭೇದ ಮಾಡುತ್ತಾರೆ. ಒಂದು ಅಪಾಯವನ್ನು ಪಾಲಿಸಿ ಸುಮ್ಮನೆ ಹೆಸರಿಸದೆ ಬಿಟ್ಟಿರುವುದು ಬೇರೆ, ‘ಇದರಿಂದ ಆದ ನಷ್ಟ ಕೊಡುವುದಿಲ್ಲ’ ಎಂದು ಬಾಯಿಬಿಟ್ಟು ಹೊರಗಿಟ್ಟಿರುವುದು ಬೇರೆ. ಹೆಸರಿಸದ ಅಪಾಯದಿಂದ ಶುರುವಾಗಿ ಹೆಸರಿಸಿದ ಅಪಾಯಕ್ಕೆ ತಿರುಗಿದರೆ, ತಿರುಗಿದ ಮೇಲಿನ ನಷ್ಟಕ್ಕೆ ಹಣ ಬರುತ್ತದೆ. ತಗಡಿನ 60,000 ಹೋಗುತ್ತದೆ, 12 ಲಕ್ಷ ಉಳಿಯುತ್ತದೆ. ಹೊರಗಿಟ್ಟ ಅಪಾಯದಿಂದ ಶುರುವಾಗಿ, ಸಾಲು ಎಲ್ಲೂ ಮುರಿಯದೆ ಬೆಂಕಿಯವರೆಗೆ ಬಂದರೆ ವಿಮೆಯವರು ‘ಎಲ್ಲದರ ಬೇರು ಗಾಳಿಯಲ್ಲಿದೆ’ ಎಂದು ಪೂರ್ತಿ ತಳ್ಳಿಹಾಕಲು ನೆಲ ಸಿಗುತ್ತದೆ. ಇಕಾರಿಯಾ ಹಡಗಿಗೆ ಆದದ್ದು ಇದೇ. ಆದ್ದರಿಂದ ಪಾಲಿಸಿಗೆ ಅಂಟಿಸಿದ ಆ ಒಂದು ಚೀಟಿಯಲ್ಲಿ ವಾಕ್ಯ ಹೇಗಿದೆ ಎಂಬುದನ್ನು ಅಕ್ಷರ ಬಿಡದೆ ಓದಬೇಕು.

ಇನ್ನು ಮೇನ್ ಬೋರ್ಡು. ಎಲ್ಲರೂ ಎಡವುವ ಜಾಗ ಇದು. 12 ಲಕ್ಷ ಕೊಟ್ಟವರು 45,000ಕ್ಕೆ ಯಾಕೆ ಕೈ ಬಿಗಿಹಿಡಿಯುತ್ತಾರೆ ಎಂದು ಯಜಮಾನರಿಗೆ ಅರ್ಥವೇ ಆಗುವುದಿಲ್ಲ. ನಮ್ಮ ಬೆಂಕಿ ಪಾಲಿಸಿಗಳಲ್ಲಿ ಒಂದು ಷರತ್ತಿದೆ. ಶಾರ್ಟ್ ಸರ್ಕ್ಯೂಟ್, ಆರ್ಕಿಂಗ್, ತಾನೇ ಕಾಯುವುದು, ಕರೆಂಟು ಸೋರುವುದು ಇವುಗಳಿಂದ ಒಂದು ವಿದ್ಯುತ್ ಉಪಕರಣಕ್ಕೆ ಆಗುವ ಹಾನಿಗೆ ಹಣ ಇಲ್ಲ. ಅದಕ್ಕೆ ಮೂಲ ಕಾರಣ ಏನೇ ಇರಲಿ, ಸಿಡಿಲೇ ಆಗಿರಲಿ. ಆದರೆ ಈ ನಿರಾಕರಣೆ ಅದೇ ಉಪಕರಣಕ್ಕೆ ಮಾತ್ರ. ಅಲ್ಲಿಂದ ಎದ್ದ ಬೆಂಕಿಗೆ ಸುಟ್ಟ ಬೇರೆ ಉಪಕರಣಗಳಿಗೆ ಇದು ತಾಗುವುದಿಲ್ಲ.

‘ಮೂಲ ಕಾರಣ ಏನೇ ಇರಲಿ’ ಎಂಬ ಆ ಮಾತನ್ನು ಗಮನಿಸಿ. ಸನ್ನಿಹಿತ ಕಾರಣದ ತತ್ವ ‘ಹಿಂದಕ್ಕೆ ಹೋಗಿ ಬಲವಾದ ಕಾರಣ ಹುಡುಕು’ ಎನ್ನುತ್ತದೆ. ಈ ಷರತ್ತು ‘ಹೋಗಬೇಡ, ಇಲ್ಲೇ ನಿಲ್ಲು’ ಎನ್ನುತ್ತದೆ. ಬಿರುಗಾಳಿಯೇ ಎಲ್ಲಕ್ಕೂ ಮೂಲ ಎಂದು ಎಷ್ಟು ಚೆನ್ನಾಗಿ ವಾದಿಸಿದರೂ ಬೋರ್ಡಿನ ಮಟ್ಟಿಗೆ ಉಪಯೋಗವಿಲ್ಲ. ತತ್ವ ಎಷ್ಟೇ ದೊಡ್ಡದಿರಲಿ, ಪಾಲಿಸಿಯ ಮಾತು ಅದಕ್ಕಿಂತ ದೊಡ್ಡದು. ಹೀಗಾಗಿ ಒಂದೇ ಕಿಡಿಗೆ ಸುಟ್ಟ ಬೋರ್ಡಿಗೆ ಸೊನ್ನೆ, ಹತ್ತು ಅಡಿ ಆಚೆ ಅದೇ ಬೆಂಕಿಗೆ ಸುಟ್ಟ ಹಾಯ್ಸ್ಟಿನ ಮೋಟಾರಿಗೆ 80,000. ಬೋರ್ಡಿನಲ್ಲೂ ಒಂದು ಚೂರು ಉಳಿಸಿಕೊಳ್ಳಬಹುದು. ಬಿದ್ದ ತಗಡು ಬೋರ್ಡಿನ ಕಬ್ಬಿಣದ ಪೆಟ್ಟಿಗೆಯನ್ನು ಜಜ್ಜಿದ್ದರೆ ಆ ಪೆಟ್ಟಿಗೆಯ ಹಾನಿ ಬಿರುಗಾಳಿಯದು, ಶಾರ್ಟ್ ಸರ್ಕ್ಯೂಟಿನದಲ್ಲ. ಒಳ್ಳೆಯ ಸರ್ವೇಯರ್ ಇದನ್ನು ಬೇರೆ ಸಾಲಿನಲ್ಲಿ ಬರೆಯುತ್ತಾರೆ. ಕೇಳದೆ ಬರೆಯುವವರು ಕಡಿಮೆ.

ಮೋಟಾರಿನ ವಿಷಯದಲ್ಲಿ ವಿಮೆಯವರು ‘ಅದೂ ಶಾರ್ಟ್‌ನಿಂದಲೇ ಒಳಗೊಳಗೆ ಸುಟ್ಟಿದೆ’ ಎನ್ನಬಹುದು. ಆಗ ಮೋಟಾರು ಬಿಚ್ಚಿ ನೋಡಬೇಕು. ಹೊರಗಿನ ಬೆಂಕಿಗೆ ಸುಟ್ಟದ್ದಾದರೆ ಮೈ ಹೆಚ್ಚು ಕರಕಲಾಗಿ, ಒಳಗಿನ ಸುತ್ತು ಅಷ್ಟಾಗಿ ಬೆಂದಿರುವುದಿಲ್ಲ. ಒಳಗಿನ ದೋಷಕ್ಕೆ ಸುಟ್ಟದ್ದಾದರೆ ಸುತ್ತಿನಲ್ಲೇ ಒಂದು ಕಡೆ ತೀವ್ರವಾಗಿ ಬೆಂದ ಗುರುತಿರುತ್ತದೆ. ರಿವೈಂಡಿಂಗ್ ಅಂಗಡಿಯವರು ಇದನ್ನು ನೋಡಿದ ಕೂಡಲೇ ಹೇಳುತ್ತಾರೆ.

ಬೋರ್ಡಿನಿಂದ ಎದ್ದ ಬೆಂಕಿ ದೂರದ ಯಂತ್ರವನ್ನು ಮುಟ್ಟದೆಯೇ ಹಾಳು ಮಾಡಿದರೆ? ಈ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಗೋವಾದ ಜುವಾರಿ ಇಂಡಸ್ಟ್ರೀಸ್ ಗೊಬ್ಬರ ಕಾರ್ಖಾನೆಯಲ್ಲಿ 1999ರ ಜನವರಿಯಲ್ಲಿ ಸಬ್‌ಸ್ಟೇಷನ್ನಿನ ಮುಖ್ಯ ಸ್ವಿಚ್‌ಬೋರ್ಡಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಯಿತು. ಅಲ್ಲಿ ಎದ್ದ ಜ್ವಾಲೆ, ಹೊಗೆ, ಮಸಿಯಿಂದ ಕಾರ್ಖಾನೆಗೆ ಬರುವ ವಿದ್ಯುತ್ತೇ ನಿಂತುಹೋಯಿತು. ವಿದ್ಯುತ್ ಇಲ್ಲದೆ ಬಾಯ್ಲರಿಗೆ ನೀರು ನಿಂತಿತು, ಆದರೆ ಬಿಸಿ ಅನಿಲ ಬರುವುದು ನಿಲ್ಲಲಿಲ್ಲ. ನೀರಿಲ್ಲದ ಬಾಯ್ಲರ್ ಕಾದು ಕೆಟ್ಟಿತು. ನ್ಯೂ ಇಂಡಿಯಾ ಅಶೂರೆನ್ಸ್ ಕಂಪನಿಯ ವಾದ ಇಷ್ಟೇ: ಬಾಯ್ಲರಿಗೆ ಬೆಂಕಿ ಹತ್ತಲೇ ಇಲ್ಲವಲ್ಲ, ಬೆಂಕಿ ವಿಮೆಯಿಂದ ಹೇಗೆ ಕೊಡುವುದು?

ಕೋರ್ಟು 2009ರಲ್ಲಿ ಕೊಟ್ಟ ತೀರ್ಪಿನಲ್ಲಿ ಈ ವಾದವನ್ನು ಒಪ್ಪಲಿಲ್ಲ. ಸನ್ನಿಹಿತ ಕಾರಣವೆಂದರೆ ಕಾಲದಲ್ಲಿ ಹತ್ತಿರದ್ದಲ್ಲ, ಸಕ್ರಿಯವಾದದ್ದು, ಬಲವುಳ್ಳದ್ದು. ಸ್ವಿಚ್‌ಬೋರ್ಡಿನ ಬೆಂಕಿಯಿಂದ ಬಾಯ್ಲರಿನವರೆಗೆ ಸಾಲು ಎಲ್ಲೂ ಮುರಿದಿಲ್ಲ. ಬೆಂಕಿ ಕ್ಷಣಕಾಲ ಉರಿಯಿತೋ ತಾಸುಗಟ್ಟಲೆ ಉರಿಯಿತೋ ಎಂಬುದು ಮುಖ್ಯವಲ್ಲ ಎಂದಿತು. ಅಮೆರಿಕದ ಮ್ಯಾಸಚೂಸೆಟ್ಸ್ ಕೋರ್ಟು 1893ರಲ್ಲೇ ಇಂಥದೊಂದು ಪ್ರಕರಣ ನೋಡಿತ್ತು. ಲಿನ್ ಎಂಬ ಊರಿನ ವಿದ್ಯುದಾಗಾರದಲ್ಲಿ ತಂತಿಗಳ ಗೋಪುರಕ್ಕೆ ಹತ್ತಿದ ಸಣ್ಣ ಬೆಂಕಿಯನ್ನು ಬೇಗನೆ ಆರಿಸಿದರು, ಆದರೆ ಅದರಿಂದಾದ ಶಾರ್ಟ್ ಸರ್ಕ್ಯೂಟಿನ ಒತ್ತಡಕ್ಕೆ ಕಟ್ಟಡದ ಇನ್ನೊಂದು ಭಾಗದ ಯಂತ್ರ ಒಡೆದುಹೋಯಿತು. ಅಲ್ಲೂ ಕಾರಣ ಬೆಂಕಿಯೇ ಎಂದಾಗಿತ್ತು. ನಮ್ಮ ಕೋರ್ಟು ಆ ಹಳೆಯ ತೀರ್ಪನ್ನು ನೆನಪಿಸಿಕೊಂಡಿತು. ನಮ್ಮ ಗೋದಾಮಿಗೆ ಬಾಯ್ಲರ್ ಇಲ್ಲ. ಆದರೆ ಐಸ್ ಫ್ಯಾಕ್ಟರಿಯೋ ಹಾಲಿನ ಘಟಕವೋ ಇಟ್ಟುಕೊಂಡವರು ಬೋರ್ಡಿನಲ್ಲಿ ನಿಜವಾದ ಜ್ವಾಲೆ ಕಂಡಿತೋ, ಬರೀ ‘ಟಪ್’ ಎಂದಿತೋ ಎಂಬುದನ್ನು ಕಂಡವರ ಬಾಯಿಂದ ಬರೆಸಿಟ್ಟುಕೊಳ್ಳುವುದು ಯಾಕೆ ಎಂದು ಇದರಿಂದ ತಿಳಿಯುತ್ತದೆ. ಜ್ವಾಲೆಯೇ ಇಲ್ಲದಿದ್ದರೆ ಬೆಂಕಿಯ ಸಾಲು ಶುರುವಾಗುವುದೇ ಇಲ್ಲ.

ಈಗ ಸಾಕ್ಷಿಯ ಮಾತು. ಸಾಲು ಹೇಳುವುದು ಸುಲಭ, ತೋರಿಸುವುದು ಕಷ್ಟ. ನಮ್ಮ ಗೋದಾಮಿನಲ್ಲಿ ಸರ್ವೇಯರಿಗೆ ಒಂದು ಅನುಮಾನ ಬಂತು. ಕರೆಂಟು ಹೋದದ್ದು 6:40ಕ್ಕೆ. ಹೊಗೆ ಕಂಡದ್ದು 8:10ಕ್ಕೆ. ನಡುವೆ ಒಂದೂಕಾಲು ತಾಸು ಓಣಿಯಲ್ಲಿ ಕರೆಂಟೇ ಇಲ್ಲ. ಕರೆಂಟಿಲ್ಲದೆ ಶಾರ್ಟ್ ಎಲ್ಲಿಂದ? ಇದು ಕುಹಕದ ಪ್ರಶ್ನೆಯಲ್ಲ, ನ್ಯಾಯವಾದದ್ದೇ. ಗಾಳಿಯ ಗದ್ದಲದಲ್ಲಿ ಬೇರೆ ಯಾರೋ ಕಡ್ಡಿ ಗೀರಿರಬಹುದು, ಬೀಡಿ ಬಿದ್ದಿರಬಹುದು.

ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕ ಇಲ್ಲಿ ಮೊದಲ ಸಾಕ್ಷಿ. ಯಾವ ಫೀಡರು ಎಷ್ಟು ಹೊತ್ತಿಗೆ ಟ್ರಿಪ್ ಆಯಿತು, ಎಷ್ಟು ಹೊತ್ತಿಗೆ ಚಾರ್ಜ್ ಮಾಡಿದರು ಎಂಬುದು ಅದರಲ್ಲಿರುತ್ತದೆ. ಹಾವೇರಿಯ ಕಡೆ ಇದನ್ನು ಹೆಸ್ಕಾಂ ಕಚೇರಿಯಲ್ಲಿ ಲಿಖಿತ ಅರ್ಜಿ ಕೊಟ್ಟು ಪಡೆಯಬೇಕು. ಸಮಯ ಖಚಿತವಾದ ಮೇಲೆ ಎರಡು ಸಾಧ್ಯತೆ ಉಳಿಯುತ್ತವೆ. ಕಿಡಿ 6:20 ಮತ್ತು 6:40ರ ನಡುವೆ ಎದ್ದಿರಬೇಕು, ಇಲ್ಲವೇ 7:55ರ ನಂತರ. ಗೋಣಿಚೀಲ ಹತ್ತಿಯಂತೆ ಒಳಗೊಳಗೇ ಕುಮುಲುವ ವಸ್ತು. ಬೇಲಿನ ಹೊಟ್ಟೆಯಲ್ಲಿ ಕಿಡಿ ಸೇರಿದರೆ ತಾಸುಗಟ್ಟಲೆ ಹೊರಗೆ ತೋರದೆ ಕುಳಿತು ಆಮೇಲೆ ಉರಿದೇಳಬಹುದು. ಹಾಗಾಗಿ ಮೊದಲ ಸಾಧ್ಯತೆ ಬಿಡುವಂತಿಲ್ಲ. ಆದರೆ ನೆನೆದ ಬೋರ್ಡಿಗೆ 7:55ಕ್ಕೆ ಮತ್ತೆ ಕರೆಂಟು ಬಂದು, ಹದಿನೈದು ನಿಮಿಷಕ್ಕೆ ಹೊಗೆ ಕಂಡದ್ದು ಎರಡನೆಯದರ ಕಡೆಗೇ ಹೆಚ್ಚು ಬೆರಳು ಮಾಡುತ್ತದೆ. ಮಳೆ ನಿಂತ ಮೇಲೆ ಕರೆಂಟು ಬಂದಾಗಲೇ ಬೋರ್ಡು ಸುಟ್ಟದ್ದನ್ನು ನಮ್ಮ ಮನೆಗಳಲ್ಲೂ ಕಂಡಿದ್ದೇವೆ.

ಹಾಗಾದರೆ ಲೈನ್‌ಮ್ಯಾನ್ ಫ್ಯೂಸು ಹಾಕಿದ್ದು ‘ಹೊಸ ಸ್ವತಂತ್ರ ಶಕ್ತಿ’ ಆಯಿತೇ? ಗಾಳಿಯ ಸಾಲು ಅಲ್ಲಿ ಮುರಿಯಿತೇ? ಇಲ್ಲ ಎಂಬುದು ನನ್ನ ಎಣಿಕೆ. ಹೋದ ಕರೆಂಟು ಬರುವುದು ದಿನನಿತ್ಯದ ಸಂಗತಿ. ಒಣಗಿದ ಬೋರ್ಡಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ನೆನೆದದ್ದೇ ಅಪಾಯ, ನೆನೆಸಿದ್ದು ಗಾಳಿಮಳೆ. ಲಾರ್ಡ್ ಶಾ ಹೇಳಿದ ಗಂಟಿನಲ್ಲಿ ಲೈನ್‌ಮ್ಯಾನ್ ಒಂದು ಎಳೆ, ಅಷ್ಟೆ.

ಎರಡನೆಯ ಸಾಕ್ಷಿ ತಾಮ್ರದ ತಂತಿ. ಶಾರ್ಟ್ ಆದ ಜಾಗದಲ್ಲಿ ತಂತಿಯ ತುದಿ ಕರಗಿ ದುಂಡಗೆ ಮಣಿಯಂತೆ ಗಟ್ಟಿಯಾಗಿರುತ್ತದೆ; ಮಣಿ ಮುಗಿದಲ್ಲಿಂದ ತಂತಿ ಮೊದಲಿನ ಹಾಗೇ ಇರುತ್ತದೆ, ನಡುವೆ ಗೆರೆ ಎಳೆದಂತೆ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ಗೆ. ಜೋರು ಬೆಂಕಿಗೂ ಅದು ಕರಗಬಹುದು, ಆದರೆ ಆಗ ತಂತಿ ಉದ್ದಕ್ಕೂ ಸೊರಗಿ, ಜೋಲು ಬಿದ್ದು, ಎಲ್ಲಿಂದ ಎಲ್ಲಿಗೆಂದು ಗೆರೆ ಹೇಳಲಾಗದಂತೆ ಇರುತ್ತದೆ. ಮಣಿ ಸಿಕ್ಕಿತೆಂದು ಕುಣಿಯುವ ಹಾಗಿಲ್ಲ. ಮಣಿ ಹೇಳುವುದು ಇಷ್ಟೇ: ಇಲ್ಲಿ ಶಾರ್ಟ್ ಆದಾಗ ತಂತಿಯಲ್ಲಿ ಕರೆಂಟು ಇತ್ತು. ಬೇರೆ ಕಡೆಯಿಂದ ಬಂದ ಬೆಂಕಿ ವೈರಿನ ಹೊದಿಕೆ ಸುಟ್ಟು ಶಾರ್ಟ್ ಮಾಡಿದರೂ ಇಂಥದೇ ಮಣಿ ಬರುತ್ತದೆ. ಆದ್ದರಿಂದ ಗೋದಾಮಿನ ಎಲ್ಲ ವೈರುಗಳನ್ನೂ ನೋಡಬೇಕು. ಮೇನ್ ಬೋರ್ಡಿನ ಬಳಿ, ತಗಡು ಬಿದ್ದ ಜಾಗದಲ್ಲಿ ಮಣಿಯಿದ್ದು ದೂರದ ಮೂಲೆಯ ವೈರುಗಳಲ್ಲಿ ಎಲ್ಲೂ ಇಲ್ಲವೆಂದರೆ, ಬೆಂಕಿ ಆ ಮೂಲೆ ಮುಟ್ಟುವಾಗ ಕರೆಂಟು ಸತ್ತಿತ್ತು, ಅಂದರೆ ಮೊದಲು ಕೆಟ್ಟದ್ದು ಬೋರ್ಡು ಎಂದು ಊಹಿಸಬಹುದು. ಯಜಮಾನರು ಗಾಬರಿಯಲ್ಲಿ ಗುಜರಿಯವನಿಗೆ ತಾಮ್ರ ಮಾರಿಬಿಟ್ಟರೆ ಈ ಸಾಕ್ಷಿ ಕೆಜಿ ಲೆಕ್ಕದಲ್ಲಿ ಹೋಗಿಬಿಡುತ್ತದೆ.

ಬಿರುಗಾಳಿ ಬಂದಿತ್ತು ಎಂಬುದನ್ನೂ ತೋರಿಸಬೇಕು. ಊರಿಗೆಲ್ಲ ಗೊತ್ತಿದ್ದರೂ ಫೈಲಿಗೆ ಗೊತ್ತಿರುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ, ಅದರ ಹವಾಮಾನ ಕೇಂದ್ರಗಳು ಗಾಳಿಯನ್ನೂ ಅಳೆಯುತ್ತವೆ. ಅದರ ಜೊತೆಗೆ ಅಗ್ನಿಶಾಮಕ ದಳದ ವರದಿ, ಪೊಲೀಸರ ಪಂಚನಾಮೆ, ವಿದ್ಯುತ್ ಪರಿವೀಕ್ಷಣಾಲಯದವರು ಬಂದಿದ್ದರೆ ಅವರ ವರದಿ. ಪಕ್ಕದ ಗೋದಾಮಿನ ತಗಡು ಹಾರಿದ ಫೋಟೊ ಕೂಡ ಚಿಕ್ಕ ಸಾಕ್ಷಿಯಲ್ಲ.

ಉಳಿದವುಗಳಲ್ಲಿ ನೀರಿಗೆ ನೆನೆದ 3 ಲಕ್ಷದ ಬಗ್ಗೆ ಹೆಚ್ಚು ತಕರಾರಿಲ್ಲ. ಬೆಂಕಿ ಆರಿಸಲು ಹಾಕಿದ ನೀರು ಬೆಂಕಿಯ ಸಹಜ ಫಲ ಎಂದೇ ಎಲ್ಲರೂ ಒಪ್ಪುತ್ತಾರೆ.

ಕಳವಿನ ಒಂದೂವರೆ ಲಕ್ಷಕ್ಕೆ ಲಂಡನ್ನಿನ ಒಂದು ಹಳೆಯ ಪ್ರಕರಣ ನೆನಪಿಗೆ ಬರುತ್ತದೆ. 1865ರದು. ಪಕ್ಕದ ಕಟ್ಟಡಕ್ಕೆ ಬೆಂಕಿ ಬಿದ್ದಾಗ ನೆರೆದ ಗುಂಪು ದೊಂಬಿಯೆಬ್ಬಿಸಿ ಅಂಗಡಿಯೊಂದರ ದೊಡ್ಡ ಗಾಜು ಒಡೆಯಿತು. ಗಾಜಿನ ಪಾಲಿಸಿಯಲ್ಲಿ ಬೆಂಕಿಯಿಂದಾದ ಹಾನಿಯನ್ನು ಹೊರಗಿಟ್ಟಿದ್ದರು. ಗಾಜಿಗೆ ಕಾರಣ ಬೆಂಕಿಯಲ್ಲ, ಗುಂಪು ಎಂದು ಕೋರ್ಟು ಹೇಳಿ ಮಾಲೀಕನಿಗೆ ಹಣ ಕೊಡಿಸಿತು. ಬೆಂಕಿ ಅವಕಾಶ ಮಾತ್ರ ಕೊಟ್ಟಿತು, ಕೈಮಾಡಿದವರು ಮನುಷ್ಯರು. ಅದೇ ತರ್ಕ ನಮ್ಮ ಯಜಮಾನರಿಗೆ ತಿರುಗುಬಾಣ: ರಸ್ತೆಬದಿಯ ಬೇಲು ಕದ್ದವನು ಸ್ವತಂತ್ರ ಶಕ್ತಿ, ಬೆಂಕಿಯ ಸಾಲು ಅವನಲ್ಲಿ ಮುರಿಯುತ್ತದೆ. ಹಳೆಯ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಂತೂ ಇಂಥ ಕಳವನ್ನು ಹೆಸರಿಸಿಯೇ ಹೊರಗಿಟ್ಟಿತ್ತು. ಆದರೆ 2021ರ ಏಪ್ರಿಲ್ 1ರಿಂದ ಬಂದ ಭಾರತ್ ಗೃಹ ರಕ್ಷಾ, ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾದಂಥ ಪಾಲಿಸಿಗಳು ವಿಮೆಯಿರುವ ಅನಾಹುತದ ಬೆನ್ನಿಗೆ 7 ದಿನದೊಳಗೆ, ಅದೇ ಸನ್ನಿಹಿತ ಕಾರಣವಾಗಿ ಆದ ಕಳವಿಗೆ ಹಣ ಕೊಡುತ್ತವೆ. ಕೋರ್ಟು ಮುರಿದ ಸಾಲನ್ನು ಪಾಲಿಸಿ ತಾನೇ ಕಟ್ಟಿಕೊಟ್ಟ ಹಾಗಾಯಿತು. ನಮ್ಮ ಯಜಮಾನರದು ಈ ಹೊಸ ಪಾಲಿಸಿ ಎಂದಾದರೆ ಅದೇ ರಾತ್ರಿಯ ಕಳವು ಅದರೊಳಗೆ ಬರುತ್ತದೆ. ಠಾಣೆಯಲ್ಲಿ ದೂರು ಕೊಟ್ಟ ದಾಖಲೆ ಬೇಕು.

ಕೊನೆಯದು, ಹತ್ತನೆಯ ದಿನದ ಮಳೆಗೆ ಕೆಟ್ಟ 2 ಲಕ್ಷದ ಮಾಲು. ಯಜಮಾನರ ವಾದ: ಮಾಡು ಹೋದದ್ದು ಬಿರುಗಾಳಿಗೆ, ಮಾಡಿಲ್ಲದ್ದಕ್ಕೆ ಮಳೆ ಒಳಗೆ ಬಂತು, ಸಾಲು ಮುರಿದಿಲ್ಲ. ಹಡಗಿನ ಕಥೆ ಅವರ ಕಡೆಗೇ ಮಾತಾಡುವಂತೆ ತೋರುತ್ತದೆ. ಅಲ್ಲೂ ಪೆಟ್ಟು ಬಿದ್ದದ್ದು ಒಂದು ದಿನ, ಮುಳುಗಿದ್ದು ಇನ್ನೊಂದು ದಿನ. ಆದರೆ ಹಡಗಿನವರು ಆ ದಿನಗಳಲ್ಲಿ ಪಾರಾಗಲು ಆದದ್ದನ್ನೆಲ್ಲ ಮಾಡಿದರು, ಹಡಗು ಹಿಡಿತದಿಂದ ಬಿಡಿಸಿಕೊಳ್ಳಲಿಲ್ಲ. ಇಲ್ಲಿ ಹಾಗಿದೆಯೇ? ಅದೇ ರಾತ್ರಿಯ ಮಳೆಗೆ ಕೆಟ್ಟಿದ್ದರೆ ಮಾತೇ ಇರಲಿಲ್ಲ. ಉಳಿದ ಮಾಲನ್ನು ಕಾಪಾಡುವ ಹೊಣೆ ವಿಮೆದಾರನದು ಎಂದು ಪಾಲಿಸಿಯೇ ಹೇಳುತ್ತದೆ, ಹತ್ತು ದಿನ ಅದಕ್ಕೆ ಸಾಕಾಗುತ್ತದೆ.

ಸರ್ವೇಯರ್ ಕೇಳಿದರು: “ಅಲ್ರೀ ಯಜಮಾನ್ರ, ನೀವು ಮಾರೋದೇ ತಾಡಪಾಲು. ನಾಕು ತಾಡಪಾಲು ಮ್ಯಾಲೆ ಎಳದಿದ್ರ ಆಗತಿರಲಿಲ್ಲೇನು?”

“ಸರ, ಸರ್ವೇ ಆಗೂ ತನಕಾ ಏನೂ ಮುಟ್ಟಬ್ಯಾಡ್ರಿ ಅಂತ ಫೋನಿನ್ಯಾಗ ಹೇಳಿದ್ರಲ್ರೀ.”

ಈ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಹೇಳಿದವರು ಯಾರು, ಯಾವ ದಿನ, ಅದಕ್ಕೆ ಮೆಸೇಜು ಇದೆಯೇ ಎಂಬುದು ಈಗ 2 ಲಕ್ಷದ ಪ್ರಶ್ನೆ. ಸರ್ವೇಯರ್ ಬಂದು ನೋಡಿದ್ದು ಎರಡನೆಯ ದಿನವೇ, ‘ಇನ್ನು ಮುಚ್ಚಿ’ ಎಂದು ಅಂದೇ ಹೇಳಿದ್ದರೆ, ಉಳಿದ ಎಂಟು ದಿನ ಯಜಮಾನರ ಲೆಕ್ಕಕ್ಕೆ. ಸರ್ವೇಯರ್ ಬಂದದ್ದೇ ಹನ್ನೊಂದನೆಯ ದಿನವಾಗಿದ್ದರೆ, ‘ಮುಟ್ಟಬೇಡಿ’ ಎಂದ ಕಂಪನಿಯೇ ಆ ಮಳೆಯನ್ನು ಒಳಗೆ ಬಿಟ್ಟುಕೊಂಡ ಹಾಗೆ. ಫೋಟೊ ತೆಗೆದು ಮುಚ್ಚುವುದಕ್ಕೂ ‘ಮುಟ್ಟುವುದಕ್ಕೂ’ ವ್ಯತ್ಯಾಸವಿದೆ ಎಂದು ಆ ಫೋನಿನಲ್ಲಿ ಯಾರಾದರೂ ಒಂದು ಮಾತು ಸೇರಿಸಿದ್ದರೆ ಚೀಲವೂ ಉಳಿಯುತ್ತಿತ್ತು, ಜಗಳವೂ ಇರುತ್ತಿರಲಿಲ್ಲ. ಯಜಮಾನರು ಜೇಬಿನಿಂದ ಫೋನು ತೆಗೆದು, ಕನ್ನಡಕ ಏರಿಸಿ, ಕರೆಗಳ ಪಟ್ಟಿಯನ್ನು ಹಿಂದಕ್ಕೆ ಸರಿಸತೊಡಗಿದರು.